ಲೇಹ್‌ನಿಂದ ನುಬ್ರಾಕ್ಕೆ: ಫೋಟೊದಲ್ಲಿರುವ ಭೂರೂಪವನ್ನು ಗುರುತಿಸುವ ಬಗೆ

ಲಡಾಖ್‌ನ ಲೇಹ್‌ನಿಂದ ಖಾರ್ದುಂಗ್ ಲಾ ಎಂಬ ಕಣಿವೆಮಾರ್ಗ ಹತ್ತಿ ನುಬ್ರಾ ಕಣಿವೆಯ ದಿಸ್ಕಿತ್‌ಗೆ ಇಳಿಯುವ ದಾರಿ ಸುಮಾರು 120 ಕಿಲೋಮೀಟರ್. ಈ ದಾರಿಯಲ್ಲಿ ಹಿಮನದಿ ಕೊರೆದ ಕಣಿವೆ, ನದಿಯ ಹಳೆಯ ಮೆಟ್ಟಿಲು, ಮೆಕ್ಕಲು ಬೀಸಣಿಗೆ, ಮರಳು ದಿಬ್ಬ ಎಲ್ಲವೂ ಒಂದಾದ ಮೇಲೊಂದು ಸಿಗುತ್ತವೆ. ಕಾಡು ಇಲ್ಲದ್ದರಿಂದ ನೆಲದ ರೂಪ ಯಾವುದರ ಹಿಂದೆಯೂ ಅಡಗಿಲ್ಲ. ಆದರೂ ಪ್ರವಾಸ ಮುಗಿಸಿ ಫೋಟೊಗಳಿಗೆ ಹೆಸರು ಬರೆಯಲು ಕುಳಿತಾಗ ಗೊಂದಲ ಶುರುವಾಗುತ್ತದೆ, ಏಕೆಂದರೆ ಬೇರೆ ಬೇರೆ ಕಾರಣದಿಂದ ಹುಟ್ಟಿದ ರೂಪಗಳು ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ತಿಳಿಸುವುದು ಅವುಗಳ ಅಂಚು: ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ, ಪಕ್ಕದಲ್ಲಿ ಏನಿದೆ. ಚೆಂದಕ್ಕೆಂದು ಅಂಚನ್ನು ಕತ್ತರಿಸಿ ತೆಗೆದ ಫೋಟೊಗೆ ಆಮೇಲೆ ಎಷ್ಟು ತಲೆ ಕೆಡಿಸಿಕೊಂಡರೂ ಖಚಿತವಾದ ಹೆಸರು ಸಿಗುವುದಿಲ್ಲ.

ಹೊರಡುವ ಮುನ್ನ ಫೋನಿನಲ್ಲಿ ಮೂರು ಸಿದ್ಧತೆ ಸಾಕು. ಕ್ಯಾಮೆರಾದ ಲೊಕೇಶನ್ ಆನ್ ಇರಲಿ, ದಿಕ್ಸೂಚಿ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಿ, ಆ ಪ್ರದೇಶದ ನಕ್ಷೆಯನ್ನು ಇಂಟರ್ನೆಟ್ ಇಲ್ಲದಾಗಲೂ ತೆರೆಯುವಂತೆ ಇಳಿಸಿಕೊಳ್ಳಿ. ಪ್ರತಿ ಜಾಗದಲ್ಲೂ ಮೂರು ಫೋಟೊ ತೆಗೆಯಿರಿ. ಮೊದಲನೆಯದರಲ್ಲಿ ಇಡೀ ನೋಟ ಎರಡೂ ಅಂಚು ಸಮೇತ ಬರಲಿ. ಎರಡನೆಯದು ಹೆಸರಿಡಬೇಕಾದ ರೂಪ ಮಾತ್ರ. ಮೂರನೆಯದು ಕಾಲಬುಡದ ಕಲ್ಲು ಅಥವಾ ಮರಳು, ಅಳತೆ ತಿಳಿಯಲು ಪಕ್ಕದಲ್ಲೊಂದು ಪೆನ್ನು. ಈ ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಅನುಮಾನ ಬಂದಾಗ ತೀರ್ಪು ಕೊಡುವುದು ಮಾತ್ರ ಬಹಳ ಸಲ ಅದೇ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಬಂದವರು ಕಡೇಪಕ್ಷ ಎರಡು ದಿನ ಅಲ್ಲೇ ವಿಶ್ರಾಂತಿಯಲ್ಲಿದ್ದು ಮುಂದೆ ಹೊರಡಬೇಕು. ಖಾರ್ದುಂಗ್ ಲಾ ನೆತ್ತಿಯಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, ತಲೆ ಸುತ್ತಿದರೆ ಫೋಟೊ ಬಿಟ್ಟು ಕೆಳಗಿಳಿಯಿರಿ. ಶೀರ್ಷಿಕೆಯಲ್ಲಿ ಎತ್ತರ ಬರೆಯುವವರು ಗಮನಿಸಬೇಕಾದ್ದೊಂದಿದೆ: ಅಲ್ಲಿನ ಫಲಕದ ಮೇಲೆ 18,380 ಅಡಿ ಎಂದು ಬಹಳ ಕಾಲ ಇತ್ತು, ಆದರೆ ಜಿಪಿಎಸ್ ಅಳತೆಗಳ ಪ್ರಕಾರ ಎತ್ತರ ಸುಮಾರು 5,359 ಮೀಟರ್, ಅಂದರೆ 17,600 ಅಡಿಯ ಆಸುಪಾಸು.

ಕಣಿವೆ ಹಿಮನದಿಯದೋ ಅಲ್ಲವೋ ಎಂಬ ಪ್ರಶ್ನೆ ಕಣಿವೆಮಾರ್ಗದ ಎರಡೂ ಬದಿಯಲ್ಲಿ ಏಳುತ್ತದೆ. ಹಿಮನದಿಯ ಕಣಿವೆ 'ಯು' ಆಕಾರ, ನದಿಯ ಕಣಿವೆ 'ವಿ' ಆಕಾರ ಎಂದು ಶಾಲೆಯಲ್ಲಿ ಕಲಿತದ್ದು ಸರಿಯೇ. ಆದರೆ ಆ ಆಕಾರ ಕಾಣುವುದು ಕಣಿವೆಯ ಉದ್ದಕ್ಕೆ ನೇರವಾಗಿ ನೋಡಿದಾಗ ಮಾತ್ರ. ರಸ್ತೆಯ ತಿರುವಿನಲ್ಲಿ ನಿಂತು ಓರೆಯಾಗಿ ತೆಗೆದರೆ ಒಂದು ಮಗ್ಗುಲು ಕಡಿದಾಗಿಯೂ ಇನ್ನೊಂದು ಚಪ್ಪಟೆಯಾಗಿಯೂ ಬರುತ್ತದೆ, 'ಯು' ಕೂಡ 'ವಿ' ಆಗಿಬಿಡುತ್ತದೆ. ಆದ್ದರಿಂದ ಕಣಿವೆ ನೇರವಾಗಿ ಕೆಳಕ್ಕೆ ಚಾಚಿ ಕಾಣುವ ತಿರುವನ್ನೇ ಹುಡುಕಿ ಗಾಡಿ ನಿಲ್ಲಿಸಿ. ಆಕಾರವೊಂದನ್ನೇ ನಂಬದೆ ಇನ್ನೆರಡು ಗುರುತು ನೋಡಿ. ಉಪಕಣಿವೆಗಳು ಮುಖ್ಯ ಕಣಿವೆಯ ತಳಕ್ಕೆ ಸಲೀಸಾಗಿ ಇಳಿಯದೆ ಗೋಡೆಯ ಮಧ್ಯದಲ್ಲೇ ಬಾಯಿ ತೆರೆದು ನಿಂತಿದ್ದರೆ ಅವು ತೂಗು ಕಣಿವೆಗಳು. ದೊಡ್ಡ ಹಿಮನದಿ ಮುಖ್ಯ ಕಣಿವೆಯನ್ನು ಆಳಕ್ಕೆ ಕೊರೆಯಿತು, ಚಿಕ್ಕದಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಎರಡನೆಯದು, ಮನೆಗಾತ್ರದ ಬಂಡೆಯಿಂದ ಹಿಡಿದು ಹಿಟ್ಟಿನಂಥ ಪುಡಿಯವರೆಗೆ ಎಲ್ಲವೂ ಕಲಸಿಕೊಂಡ ರಾಶಿ. ಅದು ಹಿಮನದಿ ಹೊತ್ತು ತಂದು ಬಿಟ್ಟ ಮೊರೇನ್. ನೀರು ಕಲ್ಲುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುತ್ತದೆ, ಹಿಮ ಬೇರ್ಪಡಿಸುವುದಿಲ್ಲ. ಆದರೆ ಭೂಕುಸಿತದ ರಾಶಿಯೂ ಹೀಗೇ ಕಲಸಿರುತ್ತದೆ. ಹಾಗಾಗಿ ಮೇಲಿನ ಬೆಟ್ಟದಲ್ಲಿ ಕುಸಿದ ಗಾಯ ಇದೆಯೇ ಎಂದು ಒಮ್ಮೆ ತಲೆ ಎತ್ತಿ ನೋಡಿಯೇ ಮೊರೇನ್ ಎಂದು ಬರೆಯಬೇಕು.

ಕೆಳಗಿಳಿದಂತೆ ನದಿಯ ಎರಡೂ ಪಕ್ಕ ಚಪ್ಪಟೆ ಜಗಲಿಗಳು ಕಾಣತೊಡಗುತ್ತವೆ. ನದಿ ಹಿಂದೊಮ್ಮೆ ಹರಿದಿದ್ದ ತಳ ಅದು. ಆಮೇಲೆ ನದಿ ಆಳಕ್ಕೆ ಕೊರೆದುಕೊಂಡು ಹೋಯಿತು, ಹಳೆಯ ತಳ ಮೇಲೆ ಉಳಿಯಿತು. ಇದನ್ನು ನದಿ ಮೆಟ್ಟಿಲು ಎನ್ನಬಹುದು, ಟೆರೇಸ್ ಎಂದರೂ ಎಲ್ಲರಿಗೂ ತಿಳಿಯುತ್ತದೆ. ಇಲ್ಲಿ ತಪ್ಪುವುದು ಎರಡು ಕಡೆ. ಊರಿನವರು ಉಳುಮೆಗೆ ಕಟ್ಟಿಕೊಂಡ ಮೆಟ್ಟಿಲು ಗದ್ದೆಗೂ ಟೆರೇಸ್ ಎಂದೇ ಹೆಸರು. ಅವು ಕಿರಿದಾಗಿರುತ್ತವೆ, ಅಂಚಿಗೆ ಕಲ್ಲು ಗೋಡೆ ಇರುತ್ತದೆ, ಒಂದರ ಮೇಲೊಂದು ಬಹಳಷ್ಟು ಇರುತ್ತವೆ. ಇನ್ನೊಂದು ಹಳೆಯ ಸರೋವರದ ದಡ. ನದಿ ಮೆಟ್ಟಿಲು ನದಿಯ ಹರಿವಿನ ದಿಕ್ಕಿಗೆ ಸ್ವಲ್ಪ ಇಳಿಜಾರಾಗಿರುತ್ತದೆ, ಸರೋವರದ ದಡ ಎಷ್ಟು ದೂರ ಹೋದರೂ ಮಟ್ಟಸ. ಇದನ್ನು ಚಿತ್ರದಲ್ಲಿ ನಿರ್ಧರಿಸಬೇಕಾದರೆ ಫೋನನ್ನು ವಾಲಿಸದೆ ಹಿಡಿದಿರಬೇಕು, ಕ್ಯಾಮೆರಾದ ಗ್ರಿಡ್ ಗೆರೆಗಳನ್ನು ಆನ್ ಮಾಡಿಕೊಂಡರೆ ಸುಲಭ. ಹತ್ತಿರ ಹೋಗಲು ಸಾಧ್ಯವಾದರೆ ಜಗಲಿಯ ಕಡಿದಾದ ಮುಖದಲ್ಲಿ ದುಂಡು ಕಲ್ಲುಗಳ ಪದರ ಹುಡುಕಿ. ಉರುಳಿ ಉರುಳಿ ನುಣುಪಾದ ಕಲ್ಲು ಸಿಕ್ಕರೆ ಹರಿವ ನೀರು ತಂದದ್ದು. ತೆಳುವಾದ ಜೇಡಿ ಪದರಗಳೇ ಇದ್ದರೆ ನಿಂತ ನೀರಿನದು. ಶ್ರೀನಗರದ ದಾರಿಯಲ್ಲಿರುವ ಲಾಮಾಯುರುವಿನ ಹಳದಿ ಮಣ್ಣಿನ ಗುಡ್ಡಗಳು ಹಾಗೆ ಬತ್ತಿಹೋದ ಸರೋವರದ ತಳದ ಮಣ್ಣೇ.

ಈಗ ಒಂದೇ ಫೋಟೊವನ್ನು ಪೂರ್ತಿ ಬಿಡಿಸಿ ನೋಡೋಣ. ದಿಸ್ಕಿತ್‌ನ ಬೌದ್ಧ ಮಠವಾದ ಗೊಂಪಾದ ಮೇಲಿನಿಂದ ಉತ್ತರಕ್ಕೆ ಮುಖ ಮಾಡಿ ತೆಗೆದದ್ದು, ಬಹುತೇಕ ಎಲ್ಲರೂ ತೆಗೆಯುವ ಚಿತ್ರ.

ಕೆಳಗೆ ಹಸಿರು ಹೊಲಗಳ ಊರಿದೆ. ಹಸಿರು ಬೆಟ್ಟದ ಕೊರಕಲಿನ ಬಾಯಿಯಲ್ಲಿ ಕಿರಿದಾಗಿ ಶುರುವಾಗಿ ನದಿಯ ಕಡೆಗೆ ಅಗಲವಾಗುತ್ತ ಹೋಗುತ್ತದೆ. ಇದನ್ನೇ ಜನ ಡೆಲ್ಟಾ ಎಂದು ಬರೆಯುತ್ತಾರೆ. ಡೆಲ್ಟಾ, ಅಂದರೆ ನದಿ ಮುಖಜ ಭೂಮಿ, ಹುಟ್ಟಬೇಕಾದರೆ ನದಿ ಸಮುದ್ರವನ್ನೋ ಸರೋವರವನ್ನೋ ಸೇರಬೇಕು. ನಿಂತ ನೀರಿನಲ್ಲಿ ವೇಗ ಕಳೆದುಕೊಂಡು ಹೂಳನ್ನು ಬಿಡಬೇಕು. ಇಲ್ಲಿ ತೊರೆ ಬೆಟ್ಟದ ಇಕ್ಕಟ್ಟಿನಿಂದ ಬಯಲಿಗೆ ಬಂದು ಹರಡಿಕೊಂಡು, ಒಣ ನೆಲದ ಮೇಲೆಯೇ ಹೂಳು ಬಿಟ್ಟಿದೆ. ಆದ್ದರಿಂದ ಇದು ಮೆಕ್ಕಲು ಬೀಸಣಿಗೆ. ಊರು ಇದರ ಮೇಲೆಯೇ ಕೂತಿರುವುದಕ್ಕೂ ಕಾರಣವಿದೆ: ತೊರೆಯ ನೀರನ್ನು ಬೀಸಣಿಗೆಯ ತಲೆಯಲ್ಲಿ ತಿರುಗಿಸಿದರೆ ಕಾಲುವೆಗಳಲ್ಲಿ ತಾನಾಗಿಯೇ ಎಲ್ಲ ಹೊಲಗಳಿಗೂ ಇಳಿಯುತ್ತದೆ.

ಎದುರು ಬೆಟ್ಟದ ಬುಡದಲ್ಲಿ ಇಂಥದೇ ತ್ರಿಕೋನಗಳು ಚಿಕ್ಕದಾಗಿ ಕಾಣುತ್ತವೆ. ಅವುಗಳಲ್ಲಿ ಎರಡು ಬಗೆ ಇವೆ, ಒಂದೇ ಹೆಸರು ಕೊಡಬೇಡಿ. ಇಳಿಜಾರು ಕೆಲವೇ ಡಿಗ್ರಿ ಇದ್ದು ಮೇಲೆ ನೀರು ಹರಿದ ಕೊರಕಲು ಇದ್ದರೆ ಬೀಸಣಿಗೆ. ಮೂವತ್ತು ಡಿಗ್ರಿಗಿಂತ ಕಡಿದಾಗಿ ನೇರ ಗೆರೆಯಂತೆ ಇಳಿದಿದ್ದರೆ ಅದು ಬಂಡೆಯಿಂದ ಒಡೆದು ಬಿದ್ದ ಕಲ್ಲುಗಳ ರಾಶಿ. ದೊಡ್ಡ ಕಲ್ಲುಗಳು ಎಲ್ಲಿವೆ ಎಂಬುದು ಇನ್ನೂ ಗಟ್ಟಿ ಗುರುತು. ಬಿದ್ದ ರಾಶಿಯಲ್ಲಿ ದೊಡ್ಡವು ಉರುಳಿ ಬುಡ ಸೇರುತ್ತವೆ. ಬೀಸಣಿಗೆಯಲ್ಲಿ ನೀರು ಮೊದಲು ಕೈಬಿಡುವುದು ದೊಡ್ಡವನ್ನೇ, ಹಾಗಾಗಿ ಅವು ತಲೆಯ ಬಳಿ ಉಳಿಯುತ್ತವೆ. ಇಳಿಜಾರನ್ನು ಚಿತ್ರದಿಂದ ಅಳೆಯುವುದಿದ್ದರೆ ಪಕ್ಕದಿಂದ ತೆಗೆದ ಫೋಟೊ ಬೇಕು, ಎದುರಿನಿಂದ ತೆಗೆದದ್ದರಲ್ಲಿ ಆ ಕೋನ ಸಿಗುವುದೇ ಇಲ್ಲ.

ನಡುವೆ ಶ್ಯೋಕ್ ನದಿ ಹಲವು ಎಳೆಗಳಾಗಿ ಕವಲೊಡೆದು ಮತ್ತೆ ಕೂಡಿಕೊಳ್ಳುತ್ತ ಹರಿಯುತ್ತದೆ. ಇದೂ ಡೆಲ್ಟಾ ಅಲ್ಲ. ಡೆಲ್ಟಾದ ಕವಲುಗಳು ಒಂದೊಂದೂ ತನ್ನ ದಾರಿಯಲ್ಲಿ ನೀರಿನ ಕಡೆಗೆ ಹೋಗುತ್ತವೆ, ಇಲ್ಲಿಯವು ಹೆಣೆದುಕೊಂಡು ಮುಂದೆ ಸಾಗುತ್ತವೆ. ಹೆಣೆದ ನದಿ ಎಂದರೆ ಸರಿ. ಬೇಸಿಗೆಯ ನಡುವೆ ಹಿಮ ಕರಗಿ ನೀರು ಏರಿದಾಗ ಹೆಣಿಗೆ ಮುಚ್ಚಿಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ನೀರು ಇಳಿದ ಮೇಲೆ ನಡುವಿನ ಮರಳು ದಂಡೆಗಳು ಸ್ಪಷ್ಟವಾಗಿ ಕಾಣುತ್ತವೆ. ಭೂರೂಪದ ಫೋಟೊಗೆಂದೇ ಹೋಗುವವರಿಗೆ ಆ ತಿಂಗಳೇ ಉತ್ತಮ.

ಇನ್ನು ಕಣಿವೆಯ ತಳ. ಅಗಲವಾಗಿ ಚಪ್ಪಟೆಯಾಗಿದೆ, ಎರಡೂ ಗೋಡೆ ಕಡಿದಾಗಿವೆ, ನೋಡಿದೊಡನೆ 'ಯು' ಎನ್ನಿಸುತ್ತದೆ. ಆದರೆ ಈ ಚಪ್ಪಟೆ ತಳವನ್ನು ಮಾಡಿದ್ದು ನದಿ ತುಂಬಿದ ಮರಳು ಮತ್ತು ಜಲ್ಲಿ. ಕೆಳಗಿನ ಬಂಡೆಯ ಆಕಾರ ಅದರಡಿ ಹೂತುಹೋಗಿದೆ. ನುಬ್ರಾ ಮತ್ತು ಶ್ಯೋಕ್ ಕಣಿವೆಗಳಲ್ಲಿ ಹಿಂದೆ ಹಿಮನದಿಗಳು ಬಹಳ ಕೆಳಗಿನವರೆಗೆ ಬಂದಿದ್ದವು ಎಂಬುದಕ್ಕೆ ಸಾಕ್ಷಿ ಸಿಗುವುದು ಮೇಲಿನ ಗೋಡೆಗಳಲ್ಲಿ, ಅಂಟಿಕೊಂಡ ಮೊರೇನ್‌ನಲ್ಲಿ. ಚಿತ್ರದಲ್ಲಿ ತಳ ಮಾತ್ರ ಇದ್ದರೆ 'ಹೂಳು ತುಂಬಿದ ಅಗಲ ಕಣಿವೆ' ಎಂದಷ್ಟೇ ಬರೆಯಿರಿ.

ಎಡಕ್ಕೆ, ನದಿ ಹರಿದುಹೋಗುವ ಕಡೆ, ಹುಂಡರ್‌ನ ಬಿಳಿಬೂದು ಮರಳು. ನೀರು ಇಳಿದಾಗ ಒಣಗುವ ನದಿಪಾತ್ರದ ಮರಳನ್ನು ಗಾಳಿ ಎತ್ತಿ ತಂದು ಒಟ್ಟಿದ ದಿಬ್ಬಗಳಿವು. ಮರಳೆಲ್ಲ ದಿಬ್ಬವಲ್ಲ, ನದಿ ಬಿಟ್ಟ ಮರಳು ದಂಡೆಯೂ ಪಕ್ಕದಲ್ಲೇ ಇದೆ. ದಿಬ್ಬಕ್ಕೆ ಎರಡು ಮುಖ ಇರಬೇಕು: ಗಾಳಿ ಬರುವ ಕಡೆ ಸುಮಾರು ಹತ್ತು ಹದಿನೈದು ಡಿಗ್ರಿಯ ನಿಧಾನ ಏರು, ಆಚೆ ಬದಿ ಮೂವತ್ತರಿಂದ ಮೂವತ್ತನಾಲ್ಕು ಡಿಗ್ರಿಯ ಜಾರು. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲದೆ ಜಾರಿಬಿಡುತ್ತದೆ. ಅರ್ಧಚಂದ್ರಾಕಾರದ ದಿಬ್ಬ ಸಿಕ್ಕರೆ ಅದರ ಕೊಂಬುಗಳು ಗಾಳಿ ಹೋಗುವ ದಿಕ್ಕಿಗೆ ಚಾಚಿರುತ್ತವೆ. ಪೊದೆಯ ಸುತ್ತ ಗುಪ್ಪೆಯಾದ ಮರಳಿಗೆ ಈ ಎರಡು ಮುಖ ಇರುವುದಿಲ್ಲ, ಗಿಡ ಗಾಳಿಯನ್ನು ತಡೆದದ್ದರಿಂದ ಆದ ಗುಪ್ಪೆ ಎಂದು ಬೇರೆಯಾಗಿ ಗುರುತಿಸಿ. ಮಧ್ಯಾಹ್ನ ಮರಳು ಚಪ್ಪಟೆಯಾಗಿ ಬರುತ್ತದೆ, ಸಂಜೆಗೆ ಹೆಜ್ಜೆಗುರುತು ತುಂಬಿರುತ್ತದೆ, ಗಾಳಿಯೂ ಜೋರು. ಬೆಳಗ್ಗೆ ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ಓರೆ ಬೆಳಕು ಜಾರು ಮುಖವನ್ನೂ ಏರು ಮುಖವನ್ನೂ ಬೇರ್ಪಡಿಸಿ ತೋರಿಸುತ್ತದೆ.

ನಿಜವಾದ ಡೆಲ್ಟಾದ ರೂಪ ನೋಡಲೇಬೇಕೆಂದರೆ ಪ್ರವಾಸವನ್ನು ಪಾಂಗಾಂಗ್ ಸರೋವರದವರೆಗೆ ಮುಂದುವರಿಸಿ. ಸ್ಪಾಂಗ್ಮಿಕ್ ಊರಿರುವ ಬೀಸಣಿಗೆಯ ಅಂಚು ಸರೋವರದೊಳಗೆ ಇಳಿದಿದೆ. ಬೀಸಣಿಗೆ ನಿಂತ ನೀರನ್ನು ಮುಟ್ಟಿದಾಗ ಅದು ಬೀಸಣಿಗೆ ಡೆಲ್ಟಾ. ದಡದಲ್ಲಿ ನಿಂತರೆ ಇದು ಕಾಣುವುದಿಲ್ಲ. ಊರಿನ ಹಿಂದಿನ ಏರಿನಲ್ಲಿ ಸ್ವಲ್ಪ ಮೇಲೆ ಹೋಗಿ, ನೀರಿನ ಗೆರೆ ಹೊರಕ್ಕೆ ಉಬ್ಬಿರುವುದೂ ಬೆಟ್ಟದ ಕೊರಕಲಿನ ಬಾಯಿಯೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ತೆಗೆಯಿರಿ. ಅಲ್ಲಿ ಎತ್ತರ 4,200 ಮೀಟರ್‌ಗೂ ಮೇಲಿರುವುದರಿಂದ ಆ ಏರನ್ನು ತಲುಪಿದ ದಿನವೇ ಹತ್ತದೆ ಮರುದಿನ ಬೆಳಗ್ಗೆ ನಿಧಾನವಾಗಿ ಹತ್ತಿ.