ಹಳೇ ಸಂಚಿಕೆಗಳ ಯೂನಿಕೋಡ್ ಕೆಲಸ: 13ರಿಂದ 20ನೇ ದಿನದವರೆಗೆ

ಹೊಸದಾಗಿ ಓದುವವರಿಗೆ ಎರಡು ಮಾತು. ಒಂದು ಮಾಸಪತ್ರಿಕೆಯ 25 ವರ್ಷದ 300 ಸಂಚಿಕೆಗಳನ್ನು ಯೂನಿಕೋಡ್ ಅಲ್ಲದ ಫಾಂಟುಗಳಿಂದ ಯೂನಿಕೋಡಿಗೆ ತರುವ ಕೆಲಸ ನಮ್ಮದು. ಮೊದಲು ನನ್ನ ಸ್ಕ್ರಿಪ್ಟು ಅಕ್ಷರ ಬದಲಿಸುತ್ತದೆ. ಆಮೇಲೆ ಇಬ್ಬರು ಕರಡು ತಿದ್ದುತ್ತಾರೆ. ದಿನಕ್ಕೆ 8 ಸಂಚಿಕೆ ಅಂತ ಹಿಡಿದು, 40 ಕೆಲಸದ ದಿನ ಅಂತ ಮಾತು ಕೊಟ್ಟಿದ್ದೆವು. ಇತ್ತೀಚಿನ ಸಂಚಿಕೆಯಿಂದ ಹಿಂದಕ್ಕೆ ಹೋಗುತ್ತಿದ್ದೆವು.

13ನೇ ದಿನ, ಬುಧವಾರ

ಮೊದಲ 10 ದಿನ ಸಲೀಸು. 80 ಸಂಚಿಕೆ ಮುಗಿದವು. ಸೋಮವಾರದಿಂದ ದಿನಕ್ಕೆ ನಾಲ್ಕೇ ಆಗುತ್ತಿವೆ. ಕರಡು ತಿದ್ದುವ ಮೇಷ್ಟ್ರು ಬೆಳಿಗ್ಗೆ ಒಂದು ಹಾಳೆ ತಂದು ಮುಂದಿಟ್ಟರು. "ಏನಪ್ಪಾ, ನಿನ್ನ ಮಷೀನು ಸೂರ್ಯನನ್ನ ಸೂಯರ್ ಮಾಡಿದೆ?" ಹಾಳೆ ತುಂಬ ಕೆಂಪು ಗೀಟು. ವರ್ಷ ವಷರ್ ಆಗಿದೆ, ಧರ್ಮ ಧಮರ್ ಆಗಿದೆ, ಕರ್ನಾಟಕ ಕನಾರ್ಟಕ ಆಗಿದೆ.

ಎಲ್ಲಿ ಎಡವಿದ್ದು ಅಂತ ಗೊತ್ತಾಗಲು ಅರ್ಧ ಗಂಟೆ ಸಾಕಾಯಿತು. ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ನುಡಿ ಫಾಂಟಿನಲ್ಲಿ ಕರ್ನಾಟಕ ಅಂದರೆ `PÀ£ÁðlPÀ`. ಅದರೊಳಗಿನ `ð` ಅರ್ಕಾವತ್ತು, ಅದು 'ನಾ' ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ರ್ ಮೊದಲು, ನಾ ಆಮೇಲೆ. ಹಾಗಾಗಿ ಅದನ್ನು ಇಡೀ 'ನಾ' ದಾಟಿಸಿ ಹಿಂದಕ್ಕೆ ತರಬೇಕು. ನನ್ನ ಸ್ಕ್ರಿಪ್ಟು `ð` ಕಂಡರೆ ದಾಟಿಸುತ್ತದೆ. ಆದರೆ ಹಳೆಯ ಸಂಚಿಕೆಗಳಲ್ಲಿ ಹಲವು ಬೇರೊಂದು ಹಳೇ ಡಿಟಿಪಿ ಫಾಂಟಿನಲ್ಲಿವೆ, ಅದರಲ್ಲಿ ಅರ್ಕಾವತ್ತಿಗೆ ಬೇರೆ ಕೋಡು. ಆ ಕೋಡಿಗೆ 'ರ್' ಅಂತ ಅಕ್ಷರ ಬದಲಿಸುವ ಕೋಷ್ಟಕದಲ್ಲಿ ಬರೆದಿದ್ದೆ, ದಾಟಿಸುವ ನಿಯಮ ಹಾಕಲು ಮರೆತಿದ್ದೆ. ತಪ್ಪು ನನ್ನದೇ.

ಪರಿವರ್ತನೆ ಆದ ಮೇಲೆ ಹುಡುಕಿ ಬದಲಿಸಿದರೆ ಆಯಿತಲ್ವಾ ಅಂತ ಒಂದು ಕ್ಷಣ ಅನ್ನಿಸಿತು. ಆಗಲ್ಲ. ಪದದ ಕೊನೆಯ ರ್ ಅನ್ನು ಹಿಂದಕ್ಕೆ ತಳ್ಳಿದರೆ 'ನಂಬರ್' ಹೋಗಿ 'ನಂರ್ಬ' ಆಗುತ್ತದೆ. ಮೂಲ ಫೈಲಿನಲ್ಲಿ ಮಾತ್ರ ಈ ಎರಡು ರ್‌ಗಳಿಗೆ ಬೇರೆ ಬೇರೆ ಕೋಡು ಇರುತ್ತದೆ. ಅಲ್ಲಿಯೇ ಸರಿಮಾಡಬೇಕು.

ಈಗ ತಮಾಷೆ ನೋಡಿ. 13 ದಿನಕ್ಕೆ 104 ಆಗಬೇಕಿತ್ತು, 92 ಆಗಿವೆ. ಉಳಿದದ್ದು 208. ದಿನಕ್ಕೆ 8ರಂತೆ 26 ದಿನ ಬೇಕು, ಕೈಯಲ್ಲಿ 27 ದಿನ ಇದೆ. ಅಂದರೆ ಶೀಟಿನಲ್ಲಿ ನಾವಿನ್ನೂ ಹಸಿರು! ಸುಮ್ನೆ ಇದ್ದರೆ ಇನ್ನೊಂದು ವಾರ ಯಾರೂ ಕೇಳುವುದಿಲ್ಲ. ಆದರೆ ಆ 8 ಅನ್ನೋ ಲೆಕ್ಕ ಬಂದದ್ದು ಸುಲಭದ ಸಂಚಿಕೆಗಳಿಂದ, ಮುಂದಿರುವುದು ಬೇರೆ ಸರಕು.

ಎಷ್ಟು ಬೇರೆ ಅಂತ ನೋಡಲು, ಉಳಿದ 208ರಲ್ಲಿ ಸಮ ಅಂತರದಲ್ಲಿ 12 ಫೈಲು ಆರಿಸಿ ಫಾಂಟಿನ ಹೆಸರು ನೋಡಿದೆ. 7 ಹಳೇ ಫಾಂಟಿನವು. ಹಾಗಾದರೆ ಸುಮಾರು 120 ತೊಂದರೆಯವು, 88 ಸಲೀಸಿನವು. 88ಕ್ಕೆ 11 ದಿನ. 120ಕ್ಕೆ ಈಗಿನ ವೇಗದಲ್ಲಿ 30 ದಿನ. ಏನೂ ಮಾಡದಿದ್ದರೆ ಮುಗಿಯುವುದು 54ನೇ ದಿನ.

ಅದೇ ದಿನ ಸಂಜೆ

ಮ್ಯಾನೇಜರ್ ಮೇಡಂಗೆ ಮೊದಲು ಬರೆದದ್ದು ಹೀಗಿತ್ತು: "ಕೆಲವು ತಾಂತ್ರಿಕ ತೊಂದರೆಗಳಿಂದ ಸ್ವಲ್ಪ ತಡವಾಗುವ ಸಾಧ್ಯತೆ ಇದೆ. ಆದಷ್ಟು ಬೇಗ ಸರಿಪಡಿಸುತ್ತೇವೆ." ಓದಿ ನೋಡಿ ಅಳಿಸಿದೆ. ಇದನ್ನು ಹಿಡಿದುಕೊಂಡು ಅವರು ಗಿರಾಕಿಗೆ ಏನಂತ ಫೋನ್ ಮಾಡಬೇಕು? ಸರಿಮಾಡಿದ ಮೇಲೇ ಹೇಳೋಣ ಅನ್ನುವ ಆಸೆಯೂ ಇತ್ತು. ಆದರೆ ಸರಿಮಾಡಲು ಎಷ್ಟು ದಿನ ಬೇಕೋ ಅಷ್ಟು ದಿನ ಅವರ ಕೈಯಿಂದ ಹೋಗುತ್ತದೆ.

ಕಳಿಸಿದ್ದು ಇದು. ಮೇಲ್‌ನಲ್ಲಿ ತಾರೀಖು ಹಾಕಿದ್ದೆ, ಇಲ್ಲಿ ದಿನದ ಲೆಕ್ಕವೇ ಇರಲಿ.

> ಮೇಡಂ, ಕೆಲಸ 40ನೇ ದಿನಕ್ಕೆ ಮುಗಿಯಲ್ಲ. 44ರಿಂದ 48ನೇ ದಿನದೊಳಗೆ ಮುಗಿಯುತ್ತದೆ ಅಂತ ಈಗಿನ ಅಂದಾಜು.
>
> ಕಾರಣ: ಹಳೇ ಸಂಚಿಕೆಗಳ ಫಾಂಟು ಬೇರೆ. ಅದಕ್ಕೆ ನಾನು ಮಾಡಿದ ಕೋಷ್ಟಕದಲ್ಲಿ ಅರ್ಕಾವತ್ತು ತಪ್ಪಿದೆ. ಒಂದೇ ಸಂಚಿಕೆ ನೋಡಿ ಕೋಷ್ಟಕ ಮಾಡಿದ್ದೆ, ಪರೀಕ್ಷೆ ಸಾಲದಾಯಿತು. ಇಂಥ ಸಂಚಿಕೆ ಸುಮಾರು 120 ಇವೆ. 12 ಫೈಲು ನೋಡಿ ಹಾಕಿದ ಲೆಕ್ಕ ಇದು, ಪೂರ್ತಿ ಎಣಿಕೆ ಶುಕ್ರವಾರ ಕೊಡುತ್ತೇನೆ.
>
> ನಾಳೆಯಿಂದ 3 ದಿನ ನಾನು ಕೋಷ್ಟಕ ಸರಿಮಾಡುತ್ತೇನೆ. ಅಷ್ಟರಲ್ಲಿ ಕರಡಿನವರು ಹೊಸ ಫಾಂಟಿನ ಸಂಚಿಕೆ ಮಾಡುತ್ತಾರೆ, ಅವರ ಕೈ ಖಾಲಿ ಇರಲ್ಲ. ಆಮೇಲೆ ಹಳೆಯವು ದಿನಕ್ಕೆ 6 ಆದರೆ 44ಕ್ಕೆ, 5 ಆದರೆ 48ಕ್ಕೆ ಮುಗಿಯುತ್ತವೆ. ಎರಡನೇ ಓದು ಬಿಡುವುದು ಬೇಡ ಅಂತ ನನ್ನ ಅಭಿಪ್ರಾಯ.
>
> ನಿಮ್ಮಿಂದ ಬೇಕಾದದ್ದು: ಮೂರನೆಯವರೊಬ್ಬರನ್ನು ಕರಡಿಗೆ ತೆಗೆದುಕೊಳ್ಳಬಹುದಾ, ಶುಕ್ರವಾರದೊಳಗೆ ತಿಳಿಸಿ. ಕೆಲಸ ಕಲಿಸಲು 2 ದಿನ ಬೇಕು, ತಡವಾದರೆ ಉಪಯೋಗವಿಲ್ಲ.

14ನೇ ದಿನ

ಮೇಡಂ ಬೆಳಿಗ್ಗೆಯೇ ಕರೆದರು. ಬೈಗುಳ ಬೀಳುತ್ತೆ ಅಂತಲೇ ಹೋಗಿದ್ದೆ. "48 ಅಂತ ಹೇಳಲಾ, 44 ಅಂತ ಹೇಳಲಾ?" ಅಂತ ಕೇಳಿದರು. ಹೊರಗೆ 48, ನಮ್ಮೊಳಗೆ 44 ಅಂದೆ. "ಸರಿ, 48 ಮೀರಿದರೆ ಮಾತ್ರ ನಿಮ್ಮನ್ನ ಕೇಳ್ತೀನಿ." ಮೂರನೆಯವರಿಗೆ ದುಡ್ಡಿಲ್ಲ ಅಂದರು.

ಅಲ್ಲಿಯೇ ಗಿರಾಕಿಗೆ ಫೋನ್ ಮಾಡಿದರು. ಆಗ ಹೊರಬಿದ್ದ ಸಂಗತಿ ನನ್ನ ಯೋಜನೆಯಲ್ಲೇ ಇರಲಿಲ್ಲ. ಅವರದೊಂದು ಸಮಾರಂಭ ಇದೆ, ಅಲ್ಲಿ ಮೊದಲ ವರ್ಷದ 12 ಸಂಚಿಕೆ ಮಾತ್ರ ತೋರಿಸಬೇಕು. ಉಳಿದವು ಒಂದು ವಾರ ಆಚೀಚೆ ಆದರೂ ನಡೆಯುತ್ತದೆ. ನಾವು ಇತ್ತೀಚಿನದರಿಂದ ಹಿಂದಕ್ಕೆ ಹೋಗುತ್ತಿದ್ದೆವಲ್ಲ, ಅವರಿಗೆ ಮೊದಲು ಬೇಕಾದದ್ದು ನಮ್ಮ ಸಾಲಿನಲ್ಲಿ ಕಟ್ಟಕಡೆಗಿತ್ತು! ಸಾಲು ಬದಲಾಯಿಸಿದೆವು. ಕೋಷ್ಟಕ ಸರಿಯಾದ ಕೂಡಲೇ ಆ 12.

17ನೇ ದಿನ

ಕೋಷ್ಟಕಕ್ಕೆ 3 ದಿನ ಅಂದಿದ್ದೆ, 4 ಆಯಿತು. ಅಗಲದ ಅಕ್ಷರಕ್ಕೊಂದು, ಕಿರಿದಾದ ಅಕ್ಷರಕ್ಕೊಂದು ಅಂತ ಆ ಫಾಂಟಿನಲ್ಲಿ ಅರ್ಕಾವತ್ತು ಎರಡು ಕಡೆ ಇದೆ. ಎರಡನೆಯದು ಸಿಕ್ಕಿದ್ದು ಫಾಂಟಿನ ಎಲ್ಲ ಚಿಹ್ನೆಗಳನ್ನೂ ಒಂದು ಹಾಳೆಗೆ ಪ್ರಿಂಟ್ ಹಾಕಿ, ಮೇಷ್ಟ್ರ ಜೊತೆ ಕೂತು ಒಂದೊಂದಾಗಿ ಟಿಕ್ ಮಾಡಿದಾಗ. ಮೊದಲ ದಿನವೇ ಹೀಗೆ ಮಾಡಿದ್ದರೆ ಈ ಲಾಗ್ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಶುಕ್ರವಾರದ ಪೂರ್ತಿ ಎಣಿಕೆಯಲ್ಲಿ ಹಳೇ ಫಾಂಟಿನವು 126 ಅಂತ ಬಂತು. ಕರಡಿನವರು ಈ 4 ದಿನದಲ್ಲಿ ಹೊಸ ಫಾಂಟಿನ 32 ಮುಗಿಸಿದ್ದಾರೆ. ಒಟ್ಟು 124.

20ನೇ ದಿನ, ಶುಕ್ರವಾರ

ಹಳೆಯವು ಮೂರು ದಿನದಲ್ಲಿ 6, 5, 6. ಮೊದಲ ವರ್ಷದ 12 ಇವತ್ತು ಗಿರಾಕಿಗೆ ಹೋದವು. ಹೊಸದೊಂದು ಕಿರಿಕಿರಿಯೂ ಇದೆ. 'ರ‍್ಯಾಲಿ', 'ರ‍್ಯಾಂಕ್' ಬರೆದ ಕಡೆ ರ ಪೂರ್ತಿ ಕಾಣಬೇಕು, ಅಲ್ಲಿ ಅರ್ಕಾವತ್ತು ಬಂದು ಕೂರುತ್ತಿದೆ. ಇಲ್ಲಿಯವರೆಗೆ 9 ಕಡೆ ಸಿಕ್ಕಿದೆ, ಕೈಯಲ್ಲೇ ತಿದ್ದಿದೆವು. ಇದನ್ನು ಮೇಡಂಗೆ ಹೇಳಲಿಲ್ಲ. ತಾರೀಖು ಅಲುಗಾಡದ ವಿಷಯಕ್ಕೆ ಅವರ ತಲೆ ತಿನ್ನುವುದು ಯಾಕೆ?

ಸಂಜೆ ಕಳಿಸಿದ್ದು ಇಷ್ಟೇ: "141 ಮುಗಿದಿವೆ. ಕೋಷ್ಟಕಕ್ಕೆ ಒಂದು ದಿನ ಜಾಸ್ತಿ ಹಿಡಿಯಿತು, ಹಳೆಯವು ದಿನಕ್ಕೆ 6ಕ್ಕಿಂತ ಸ್ವಲ್ಪ ಕಡಿಮೆ ಆಗುತ್ತಿವೆ. 44 ಕೈಬಿಟ್ಟಿದ್ದೇನೆ, ಈಗಿನ ಲೆಕ್ಕ 46. ಹೊರಗೆ ಹೇಳಿದ 48 ಹಾಗೇ ಇರಲಿ. ಮುಂದಿನ ಲೆಕ್ಕ ಬರುವ ಶುಕ್ರವಾರ."

ಉತ್ತರಕ್ಕೆ ಒಂದು ಹೆಬ್ಬೆರಳು ಬಂತು. ಮೇಷ್ಟ್ರು ಸೋಮವಾರಕ್ಕೆ ಇನ್ನೆರಡು ಕೆಂಪು ಪೆನ್ನು ಕೇಳಿದ್ದಾರೆ.