ರೂಟರ್ ಬಾಗಿಲಿನ ಸರ್ಕ್ಯೂಟ್: ಮೂರು ವಾರದ ತಲೆನೋವು ಬಿಟ್ಟಿತು

ಬಾಗಿಲು ತೆಗೆದ ಕೂಡಲೇ ಬಿಟ್ ತಿರುಗಿಸೋ ಸ್ಪಿಂಡಲ್‌ನ ಕರೆಂಟ್ ಕಡಿಯೋ ಸರ್ಕ್ಯೂಟ್ ಇದು, ನಿನ್ನೆ ರಾತ್ರಿ ಅದರ ತಪ್ಪು ಸಿಕ್ಕಿತು. ಕಂಪ್ಯೂಟರ್ ಹೇಳಿದಂತೆ ಕೊರೆಯೋ ಸಿಎನ್‌ಸಿ ರೂಟರ್‌ನ ಪೆಟ್ಟಿಗೆ, ಬಾಗಿಲು, ವಾಯರಿಂಗ್ ಡಕ್ಟ್ ಎಲ್ಲ ಯಾವಾಗಲೋ ಮುಗಿದಿತ್ತು, ಅದನ್ನು ಬರೆಯೋಲ್ಲ.

ಮೊದಲು ಬಾಗಿಲಿಗೆ ಒಂದೇ ಮೈಕ್ರೋಸ್ವಿಚ್ ಇತ್ತು, ಅದರ ವಯರು ನೇರ ಕಂಟ್ರೋಲರ್‌ಗೆ. ಮೆಷಿನ್ ಸುರಕ್ಷತೆಯ ಮಾನದಂಡ ಐಎಸ್‌ಒ 13849-1ರ ರಿಸ್ಕ್ ಗ್ರಾಫ್ ಹಿಡಿದು ಕೂತಾಗ ಅದು ಸಾಲದು ಅಂತ ಗೊತ್ತಾಯ್ತು. ಬಿಟ್ ತಗುಲಿದರೆ ಬೆರಳೇ ಹೋಗುತ್ತದೆ, ಹಾಗಾಗಿ ಗಾಯದ ತೀವ್ರತೆ ಎಸ್2. ಒಂದು ಕೆಲಸ ನಲವತ್ತು ನಿಮಿಷ ಓಡುತ್ತದೆ, ಬಾಗಿಲು ತೆಗೆಯೋದು ಒಂದು ಸಲ, ಅದೂ ಅರೆ ನಿಮಿಷ, ಹಾಗಾಗಿ ಅಪಾಯಕ್ಕೆ ಒಡ್ಡಿಕೊಳ್ಳೋದು ಅಪರೂಪ, ಎಫ್1. ಕೊನೆಯದು ಅಪಾಯದಿಂದ ತಪ್ಪಿಸಿಕೊಳ್ಳಬಹುದೇ ಅನ್ನೋದು, ಅದಕ್ಕೆ ಗೆಳೆಯನ ಜೊತೆ ಜಗಳವೇ ಆಯ್ತು. "ಕೈ ಎಳ್ಕೊಂಡ್ರೆ ಆಯ್ತಲ್ಲ, ಪಿ1 ಹಾಕು" ಅಂದ. ನಿಮಿಷಕ್ಕೆ 24,000 ಸುತ್ತು ತಿರುಗೋ ಬಿಟ್ ಮುಂದೆ ಕೈ ಎಳ್ಕೊಳ್ಳೋಕೆ ಸಮಯ ಎಲ್ಲಿದೆ? ಪಿ2ನೇ. ಉತ್ತರ ಪಿಎಲ್ ಡಿ, ಅಂದರೆ ಸರ್ಕ್ಯೂಟ್ ಎಷ್ಟು ನಂಬಿಕೆಗೆ ಅರ್ಹವಾಗಿರಬೇಕು ಅನ್ನೋ ಎಯಿಂದ ಇವರೆಗಿನ ಮಟ್ಟಗಳಲ್ಲಿ ಮೇಲಿನಿಂದ ಎರಡನೆಯದು. ಪಿ1 ಅಂದಿದ್ದರೆ ಸಿ ಬರುತ್ತಿತ್ತು, ಅದಕ್ಕೆ ಒಳ್ಳೆ ಗುಣಮಟ್ಟದ ಒಂದೇ ಚಾನೆಲ್‌ನಲ್ಲೂ ಮುಗಿಸಬಹುದಿತ್ತು.

ಡಿಗೆ ನಾನು ಆರಿಸಿದ್ದು ಒಂದು ಭಾಗ ಕೆಟ್ಟರೂ ರಕ್ಷಣೆ ಉಳಿಯೋ ರಚನೆ, ಕೆಟಗರಿ 3: ಎರಡು ಚಾನೆಲ್ ಸ್ವಿಚ್, ಸೇಫ್ಟಿ ರಿಲೇ, ಸ್ಪಿಂಡಲ್‌ನ ಕರೆಂಟ್ ಕಡಿಯೋ ದೊಡ್ಡ ಸ್ವಿಚ್‌ಗಳಾದ ಎರಡು ಕಾಂಟ್ಯಾಕ್ಟರ್ ಸಾಲಾಗಿ. ಒಂದು ಅಂಟಿಕೊಂಡರೂ ಇನ್ನೊಂದು ಕರೆಂಟ್ ಕಡಿಯುತ್ತದೆ. ಆದರೆ ಅಂಟಿಕೊಂಡಿದ್ದು ಗೊತ್ತಾಗಬೇಕು, ಇಲ್ಲಾಂದ್ರೆ ಮುಂದೊಂದು ದಿನ ಎರಡನೆಯದೂ ಅಂಟಿ ಬಾಗಿಲು ತೆಗೆದಾಗಲೂ ಸ್ಪಿಂಡಲ್ ನಿಲ್ಲೋಲ್ಲ. ಅದಕ್ಕೇ ಕಾಂಟ್ಯಾಕ್ಟರ್ ಬಿಟ್ಟಾಗ ಮಾತ್ರ ಸೇರೋ ಎನ್‌ಸಿ ಮಿರರ್ ಕಾಂಟ್ಯಾಕ್ಟ್‌ಗಳನ್ನು ಎರಡರಿಂದಲೂ ರಿಲೇಯ ರೀಸೆಟ್ ಲೂಪ್‌ಗೆ ಹಾಕೋದು, ಲೂಪ್ ಕಡಿದಿದ್ದರೆ ರಿಲೇ ರೀಸೆಟ್ ಆಗಬಾರದು. (ಅಂಗಡಿಯವರು ಎನ್‌ಸಿ ಕೇಳಿದರೆ ಎರಡು ಸಲ ಅದಕ್ಕೆ ಉಲ್ಟಾ ಕೆಲಸ ಮಾಡೋ ಎನ್‌ಒ ಕಳಿಸಿದರು. ಹತ್ತು ದಿನ ಹೋಯ್ತು. ಪ್ಯಾಕೆಟ್ ಮೇಲಿನ ನಂಬರನ್ನು ಒಮ್ಮೆ ಓದಿದ್ದರೆ ಸಾಕಿತ್ತು!)

ಸ್ಪಿಂಡಲ್‌ನ ಮೇನ್ಸ್ ಆಫ್ ಮಾಡಿ, 24 ವೋಲ್ಟ್ ಮಾತ್ರ ಕೊಟ್ಟು, ಮರದ ಕಡ್ಡಿಯಿಂದ ಮೊದಲ ಕಾಂಟ್ಯಾಕ್ಟರ್ ಒತ್ತಿ ಹಿಡಿದೆ. ಅಂಟಿಕೊಂಡಂತೆ. ಬಾಗಿಲು ತೆಗೆದು ಮುಚ್ಚಿ ರೀಸೆಟ್ ಒತ್ತಿದರೆ ರಿಲೇ ಖುಷಿಯಾಗಿ ಎಳೆದುಕೊಂಡಿತು! ಎರಡನೆಯದನ್ನು ಒತ್ತಿದರೂ ಅದೇ. ಎರಡನ್ನೂ ಒಟ್ಟಿಗೆ ಒತ್ತಿದಾಗ ಮಾತ್ರ ರೀಸೆಟ್ ಆಗಲಿಲ್ಲ. ಅಲ್ಲೇ ಹೊಳೆಯಿತು. ಎರಡು ಕಾಂಟ್ಯಾಕ್ಟರ್‌ನಿಂದಲೂ ಬೇರೆ ಬೇರೆ ಜೋಡಿ ವಯರು ಎಳೆದು ರಿಲೇಯ ಅದೇ ಎರಡು ಟರ್ಮಿನಲ್‌ಗೆ ಸಿಕ್ಕಿಸಿದ್ದೆ. ಸೀರೀಸ್ ಆಗಬೇಕಿದ್ದು ಪ್ಯಾರಲಲ್ ಆಗಿತ್ತು. ದಿನನಿತ್ಯದ ಓಟದಲ್ಲಿ ಎರಡೂ ಒಟ್ಟಿಗೆ ಬಿಡುತ್ತವಲ್ಲ, ಲೂಪ್ ಯಾವತ್ತೂ ಸರಿಯಾಗೇ ಕಾಣುತ್ತಿತ್ತು. ಎರಡರಿಂದಲೂ ಒಂದೊಂದು ವಯರನ್ನು ರಿಲೇಯಿಂದ ಬಿಚ್ಚಿ ಒಂದಕ್ಕೊಂದು ಸೇರಿಸಿ ಸೀರೀಸ್ ಮಾಡಿದೆ. ಈಗ ಯಾವುದನ್ನು ಒತ್ತಿದರೂ ರೀಸೆಟ್ ಆಗೋಲ್ಲ.

ಆದರೆ ಕರೆಂಟ್ ಹೋದ ಮೇಲೂ ಸ್ಪಿಂಡಲ್ ಹನ್ನೊಂದು ಸೆಕೆಂಡ್ ತಿರುಗುತ್ತದೆ, ಬಾಗಿಲು ಮಾತ್ರ ತಕ್ಷಣ ತೆಗೆಯುತ್ತದೆ. ಸ್ವಿಚ್ ಎಷ್ಟೇ ಒಳ್ಳೆಯದಿದ್ದರೂ ಇದಕ್ಕೆ ಉತ್ತರ ಇಲ್ಲ, ನಿಲ್ಲುವ ತನಕ ಬೀಗ ಬೇಕು. ಹಳೆಯ ಡ್ರಿಲ್ ಪ್ರೆಸ್‌ಗೆ ಗಾರ್ಡ್ ಮಾಡೋ ಆಸೆಯೂ ಇದೆ, ಅಲ್ಲಿ ಕೈ ಪ್ರತಿ ನಿಮಿಷ ಒಳಗೆ ಹೋಗುತ್ತೆ, ಎಫ್2ನೇ ಆಗಬಹುದು. ಅದು ಸ್ವಲ್ಪ ಕಾಯಲಿ. ಸೊಲೆನಾಯ್ಡ್ ಬೀಗ ಆರ್ಡರ್ ಮಾಡಿದ್ದೇನೆ, ಈ ಸಲ ಬೇರೆ ಅಂಗಡಿಯಿಂದ. ಅದು ಕೂರೋ ತನಕ ಮೆಷಿನ್ ಪ್ಲಗ್ ಹಾಕೋಲ್ಲ.