ವಿವ್ಯಾಪ್ ರೇಖೆ ನಿನ್ನೆಯದನ್ನು ಯಾಕೆ ಮರೆಯುತ್ತದೆ?

ಸಿಟಿ ಮಾರ್ಕೆಟ್ಟಿನಲ್ಲಿ ಇವತ್ತು ಸೇವಂತಿಗೆ ಕೊಂಡವರು ಅಗ್ಗಕ್ಕೆ ಕೊಂಡರೋ ತುಟ್ಟಿಗೋ ಅನ್ನೋದನ್ನ ನಿನ್ನೆಯ ದರ ಹೇಳೋದಿಲ್ಲ. ಚಾರ್ಟಿನಲ್ಲಿ ಷೇರಿನ ದಿನದ ಸರಾಸರಿ ಬೆಲೆ ತೋರಿಸುವ ವಿವ್ಯಾಪ್, ಅಂದರೆ VWAP ರೇಖೆ ಕೂಡ ಹಾಗೇ, ಪ್ರತಿ ದಿನ ಹೊಸದಾಗಿ ಲೆಕ್ಕ ಶುರುಮಾಡುತ್ತದೆ.

ಒಂದು ಷೇರು ನಿನ್ನೆ ₹500ಕ್ಕೆ 10,000, ₹506ಕ್ಕೆ 2,000, ₹503ಕ್ಕೆ 8,000 ಕೈ ಬದಲಾಯಿತು ಅಂದುಕೊಳ್ಳಿ. ಮೂರು ಬೆಲೆಗಳ ಬರೀ ಸರಾಸರಿ ₹503. ಆದರೆ ಒಟ್ಟು ಹಣವನ್ನು 20,000 ಷೇರಿನಿಂದ ಭಾಗಿಸಿದರೆ ₹501.80. ಹೆಚ್ಚು ವ್ಯಾಪಾರ ನಡೆದ ಬೆಲೆಯ ಕಡೆಗೆ ಅದು ವಾಲುತ್ತದೆ. ಅದೇ ವಿವ್ಯಾಪ್.

ಇವತ್ತು ಬೆಳಿಗ್ಗೆ 9:15ಕ್ಕೆ ಷೇರು ₹520ರಲ್ಲೇ ತೆರೆದು, ಆ ಬೆಲೆಯ ಆಸುಪಾಸಿನಲ್ಲಿ 5,000 ಷೇರು ಮಾರಾಟವಾಯಿತು. ನಿನ್ನೆಯ ಲೆಕ್ಕ ಮುಂದುವರಿಸಿದರೆ ರೇಖೆ ₹505.44 ತೋರಿಸುತ್ತದೆ. ಇವತ್ತು ಆ ಬೆಲೆಗೆ ಒಂದೇ ಒಂದು ಷೇರೂ ಸಿಕ್ಕಿಲ್ಲವಲ್ಲ! ₹519ಕ್ಕೆ ಕೊಂಡ ಫಂಡಿನ ಡೀಲರ್ ದುಬಾರಿಗೆ ಕೊಂಡಂತೆ ಕಾಣುತ್ತಾರೆ. ನಿಜಕ್ಕೂ ಅವರು ಇವತ್ತಿನ ಸರಾಸರಿಗಿಂತ ಒಂದು ರೂಪಾಯಿ ಕಡಿಮೆಗೇ ಕೊಂಡಿದ್ದಾರೆ. ಆರ್ಡರ್ ಇವತ್ತಿನದು, ಅಳತೆಗೋಲೂ ಇವತ್ತಿನದೇ ಆಗಬೇಕು.

ನಿಮ್ಮ ಚಾರ್ಟಿನಲ್ಲಿ ಇವತ್ತಿನ ಮೊದಲ ಕ್ಯಾಂಡಲ್ ನೋಡಿ. ರೇಖೆ ಆ ಕ್ಯಾಂಡಲ್ಲಿನ ಒಳಗಿಂದಲೇ ಶುರುವಾಗಬೇಕು. ದೂರದಲ್ಲೆಲ್ಲೋ ಇದ್ದರೆ, ಲೆಕ್ಕ ಎಲ್ಲಿಂದ ಶುರು ಅಂತ ಹೇಳುವ ಸೆಟ್ಟಿಂಗ್ Anchor Period ಅನ್ನೋದು Session ಬದಲು Week ಆಗಿರಬಹುದು. ಇನ್ನು ಮಧ್ಯಾಹ್ನ ಎರಡರ ಹೊತ್ತಿಗೆ ಅಷ್ಟೂ ಹೊತ್ತಿನ ವಾಲ್ಯೂಮ್ ಸೇರಿ ರೇಖೆ ಭಾರವಾಗಿರುತ್ತದೆ, ಬೆಲೆ ಜಿಗಿದರೂ ಅದು ಅಲ್ಲಾಡುವುದು ಅಷ್ಟಕ್ಕಷ್ಟೇ. ಆಗ ಅದನ್ನು ಟ್ರೆಂಡ್ ಅಂತ ಓದಬೇಡಿ ದಯವಿಟ್ಟು.